ಮೂರು ಪಾಯಿಂಟ್ ಎಂಟರ ಮಾರ್ಜಿನ್

ನಾನು ಒಮ್ಮೆ ಒಂದು ಇಡೀ ಬ್ಯಾಂಕನ್ನು ಎಡಗೈ ಕಿರುಬೆರಳಿನ ಮೇಲೆ ಎತ್ತಿ ಹಿಡಿದಿದ್ದೆ. ಒಂದು ದಿನ ಎರಡು ದಿನ ಅಲ್ಲ, ಎರಡೂವರೆ ವರ್ಷ. ಬಲಗೈಯಲ್ಲಿ ಚಹಾದ ಲೋಟ ಇತ್ತು. ಒಂದು ಹನಿ ಚೆಲ್ಲಲಿಲ್ಲ.

ನಂಬದಿದ್ದರೆ ಬಿಡಿ. ನಮ್ಮಕ್ಕನೂ ನಂಬುವುದಿಲ್ಲ. ಇದನ್ನು ಅವಳ ಮನೆಯ ಮುಂಕೋಣೆಯಲ್ಲಿ, ಅವಳು ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿವೃತ್ತನಾದವನಿಗೆ ತನ್ನ ಮನೆಯಲ್ಲಿ ಮೇಜು ಇರುವುದಿಲ್ಲ. ಇದ್ದರೂ ಅದರ ಮೇಲೆ ಕಾಯಿಪಲ್ಯ ಇರುತ್ತದೆ. ಇಲ್ಲಿ ಮೇಜಿನ ಮುಕ್ಕಾಲು ಪಾಲು ಅಕ್ಕನದು. ಬರೆದ ಹಾಳೆ ಫ್ಯಾನಿನ ಗಾಳಿಗೆ ಜಾರಿ ಅವಳ ಗಡಿ ದಾಟಿದರೆ ಕನ್ನಡಕ ಏರಿಸಿ ಓದಿಬಿಡುತ್ತಾಳೆ. ಮೊದಲ ಹಾಳೆ ಈಗಷ್ಟೇ ಓದಿದಳು.

"ನೀನು ಚಹಾ ಕುಡಿಯೋದೇ ಇಲ್ವಲ್ಲೋ ಪುಟ್ಟ. ಕಾಫಿ ಅಲ್ವಾ?"

ಅರವತ್ತೊಂದು ತುಂಬಿದ ನನ್ನನ್ನು ಪುಟ್ಟ ಎಂದು ಕರೆಯುವ ಹಕ್ಕು ಭೂಮಿಯ ಮೇಲೆ ಇವಳೊಬ್ಬಳಿಗೇ ಇದೆ. ಬ್ಯಾಂಕು ಎತ್ತಿದ್ದಕ್ಕೆ ತಕರಾರಿಲ್ಲ, ಚಹಾಕ್ಕೆ ತಕರಾರು. ಸರಿ, ಕಾಫಿ ಎಂದೇ ಓದಿಕೊಳ್ಳಿ.

ಬ್ಯಾಂಕಿನ ಒಳಗುಟ್ಟು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಜನ ದುಡ್ಡು ತಂದಿಡುತ್ತಾರೆ. ಅವರಿಗೆ ನೂರಕ್ಕೆ ಆರು ಕೊಡುತ್ತೇವೆ ಎಂದಿಟ್ಟುಕೊಳ್ಳಿ. ಅದೇ ದುಡ್ಡನ್ನು ಮನೆ ಕಟ್ಟುವವರಿಗೆ, ವ್ಯಾಪಾರ ಹೂಡುವವರಿಗೆ ಒಂಬತ್ತಕ್ಕೆ ಕೊಡುತ್ತೇವೆ. ನಡುವೆ ಉಳಿದ ಮೂರರಲ್ಲಿ ನನ್ನ ಸಂಬಳ, ಕರೆಂಟು ಬಿಲ್ಲು, ಬಾಗಿಲ ಬಳಿ ನಿಂತ ಕಾವಲುಗಾರನ ಬೂಟು, ವಾಪಸು ಬಾರದ ಸಾಲಗಳ ನಷ್ಟ, ಎಲ್ಲ ನಡೆಯಬೇಕು. ಅದೆಲ್ಲ ಕಳೆದು ಉಳಿದರೆ ಲಾಭ. ಬಂದ ಬಡ್ಡಿಯಲ್ಲಿ ಕೊಟ್ಟ ಬಡ್ಡಿಯನ್ನು ಕಳೆಯಿರಿ. ಬಡ್ಡಿ ದುಡಿಯುತ್ತಿರುವ ಹಣದ ವರ್ಷದ ಸರಾಸರಿಯಿಂದ ಅದನ್ನು ಭಾಗಿಸಿ ನೂರಕ್ಕೆ ಎಷ್ಟೆಂದು ನೋಡಿ. ಅದೇ ನಿವ್ವಳ ಬಡ್ಡಿ ಅಂತರ. ನಮ್ಮ ಬಾಯಲ್ಲಿ ಮಾರ್ಜಿನ್. ತಿಜೋರಿಯಲ್ಲಿ ಸುಮ್ಮನೆ ಕೂತ ನೋಟಿನ ಕಟ್ಟು ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಮನೆಯಳಿಯನ ಹಾಗೆ, ಜಾಗ ಹಿಡಿಯುತ್ತದೆ ಅಷ್ಟೆ.

ನಾನು ಮ್ಯಾನೇಜರಾಗಿ ಬಂದಾಗ ನಮ್ಮ ಶಾಖೆಯ ಮಾರ್ಜಿನ್ ಮೂರು ಪಾಯಿಂಟ್ ಒಂದು. ಒಂದೇ ವರ್ಷದಲ್ಲಿ ಅದನ್ನು ಮೂರು ಪಾಯಿಂಟ್ ಎಂಟಕ್ಕೆ ಏರಿಸಿದೆ. ಹೇಗೆ? ಹತ್ತು ಸಾವಿರ ಗ್ರಾಹಕರ ಮನೆಗೆ ಹತ್ತು ಸಾವಿರ ಸಲ ಹೋಗಿ, ಒಬ್ಬೊಬ್ಬರ ಕಣ್ಣಲ್ಲಿ ಕಣ್ಣಿಟ್ಟು, ಸಾಲದವರಿಂದ ಹೆಚ್ಚು ಪಡೆದು, ಠೇವಣಿಯವರನ್ನು ಕಡಿಮೆಗೆ ಒಪ್ಪಿಸಿ. ನಾಲ್ಕು ಜೊತೆ ಚಪ್ಪಲಿ ಸವೆದವು.

ಹೊಟ್ಟೆಯುರಿಯವರು ಬೇರೆಯೇ ಹೇಳುತ್ತಾರೆ. ಆ ವರ್ಷ ದೇಶದಲ್ಲೆಲ್ಲ ಬಡ್ಡಿ ಏರಿತಂತೆ. ನಮ್ಮ ಸಾಲಗಳೆಲ್ಲ ಏರಿಳಿಯುವ ಬಡ್ಡಿಯವು, ಹೀಗಾಗಿ ಮುಂದಿನ ತಿಂಗಳೇ ತಾವಾಗಿ ಏರಿದವಂತೆ. ಠೇವಣಿಗಳು ಮಾತ್ರ ಹಳೆಯ ದರಕ್ಕೆ ಕಟ್ಟುಬಿದ್ದಿದ್ದವು, ಅವಧಿ ಮುಗಿಯುವವರೆಗೆ ಏರುವ ಹಾಗಿರಲಿಲ್ಲವಂತೆ. ಮೇಲಿನದು ಏರಿ ಕೆಳಗಿನದು ಅಲ್ಲೇ ನಿಂತರೆ ನಡುವಿನ ಅಂತರ ತಾನಾಗಿ ಅಗಲವಾಗುತ್ತದಂತೆ, ಮ್ಯಾನೇಜರ ಕುರ್ಚಿಯಲ್ಲಿ ಕುಂಬಳಕಾಯಿ ಕೂತಿದ್ದರೂ ಆಗುತ್ತಿತ್ತಂತೆ.

ಆಗಲಿ. ಆದರೆ ಮುಖ್ಯ ಕಚೇರಿಯಿಂದ ದೊಡ್ಡ ಸಾಹೇಬರು ಫೋನು ಮಾಡಿ, "ಏನ್ರೀ ನಿಮ್ಮ ಶಾಖೆದು, ಏನ್ ಮಾಡಿದ್ರಿ?" ಎಂದು ಕೇಳಿದಾಗ ಉತ್ತರ ಹೇಳಿದ್ದು ಕುಂಬಳಕಾಯಿ ಅಲ್ಲ.

"ಸಾರ್, ತಂತ್ರ," ಎಂದೆ.

ಸಾಹೇಬರು ಅದನ್ನು ನಂಬಿದರು. ಎಷ್ಟು ನಂಬಿದರೆಂದರೆ ನಾಲ್ಕು ಸಾವಿರ ಮ್ಯಾನೇಜರುಗಳ ಮುಂದೆ ಭಾಷಣ ಮಾಡಿಸಿದರು. (ಅಕ್ಕ ಈ ಹಾಳೆ ಓದುವ ಮೊದಲು ತಿದ್ದಿಬಿಡುತ್ತೇನೆ: ನಲವತ್ತು.) ಬ್ಯಾಂಕಿನ ಪತ್ರಿಕೆಯಲ್ಲಿ ನನ್ನ ಫೋಟೊ ಬಂತು, ಕೆಳಗೆ "ಮಾರ್ಜಿನ್ ಮಾಂತ್ರಿಕ" ಎಂದು. ಅಕ್ಕ ಅದನ್ನು ಕತ್ತರಿಸಿ ತನ್ನ ಹೊಲಿಗೆ ಅಂಗಡಿಯ ಗೋಡೆಗೆ, ಅಳತೆಯ ಟೇಪು ನೇತುಹಾಕುವ ಮೊಳೆಯ ಪಕ್ಕದಲ್ಲಿ ಅಂಟಿಸಿದಳು. ಭಾಷಣದ ಕೊನೆಯಲ್ಲಿ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ನನ್ನ ನಾಲಿಗೆಯೂ ನಿಂತಿರಲಿಲ್ಲ. "ಮುಂದಿನ ವರ್ಷವೂ ಮೂರು ಪಾಯಿಂಟ್ ಎಂಟರ ಕೆಳಗೆ ಇಳಿಸಲ್ಲ ಸಾರ್. ಬರೆದಿಟ್ಕೊಳ್ಳಿ," ಎಂದುಬಿಟ್ಟೆ. ಸಾಹೇಬರು ನಿಜವಾಗಿಯೂ ಬರೆದಿಟ್ಟುಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ.

ಠೇವಣಿಗಳ ಅವಧಿ ಒಂದೊಂದಾಗಿ ಮುಗಿಯತೊಡಗಿತು. ಆರರಲ್ಲಿ ಇಟ್ಟವರು ಬಂದು ಎಂಟಕ್ಕೆ ಹೊಸದಾಗಿ ಇಟ್ಟು ಹೋಗುತ್ತಿದ್ದರು. ಅವರ ಹಕ್ಕು. ಆದರೆ ಒಬ್ಬೊಬ್ಬರು ಬಂದು ಹೋದಾಗಲೂ ನನ್ನ ಮಾರ್ಜಿನ್ ಸವೆಯುತ್ತಿತ್ತು, ಸೋಪಿನ ಹಾಗೆ. ಮೂರು ಪಾಯಿಂಟ್ ಏಳು. ಆರು.

ಅವರೆಲ್ಲ ಅಷ್ಟು ಸರಿಯಾಗಿ ದಿನಕ್ಕೆ ಬರುತ್ತಿದ್ದುದು ಹೇಗೆ? ಅದಕ್ಕೆ ಫೋನಕ್ಕ ಕಾರಣ. ಆಕೆ ನಮ್ಮ ಠೇವಣಿ ವಿಭಾಗದ ಹಿರಿಯ ಗುಮಾಸ್ತೆ. ನಮ್ಮ ಬ್ಯಾಂಕಿನ ಠೇವಣಿ ಫಾರಮ್ಮಿನ ಹಿಂಬದಿಯಲ್ಲಿ ಒಂದು ಚೌಕ ಇತ್ತು: ಅವಧಿ ಮುಗಿದ ಮೇಲೆ ಹಣವನ್ನು ಏನು ಮಾಡಬೇಕು? ಮುಂದುವರಿಸಿ ಎಂದು ಗುರುತು ಹಾಕಿದ್ದರೆ ಆ ದಿನದ ದರಕ್ಕೆ ಮತ್ತೆ ಠೇವಣಿಯಾಗುತ್ತದೆ. ಏನೂ ಬರೆಯದಿದ್ದರೆ ಹಣ ಅಲ್ಲೇ ಬಿದ್ದಿರುತ್ತದೆ, ಉಳಿತಾಯ ಖಾತೆಯ ಮೂರರ ಬಡ್ಡಿಗೆ. ಫಾರಮ್ಮಿನ ಹಿಂಬದಿಯನ್ನು ನೋಡುವ ಮನುಷ್ಯರು ಕಡಿಮೆ. ಮೊಬೈಲಿಗೆ ಒಂದು ಸಂದೇಶ ಹೋಗುತ್ತಿತ್ತು ನಿಜ, ಅದು ಅಂಕಿ ಸಂಖ್ಯೆಗಳ ನಡುವೆ ಕಳೆದುಹೋಗುತ್ತಿತ್ತು. ಅದಕ್ಕೇ ಫೋನಕ್ಕ ಇಪ್ಪತ್ತೆರಡು ವರ್ಷದಿಂದ ಒಂದು ರೂಢಿ ಇಟ್ಟುಕೊಂಡಿದ್ದರು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಮುಂದಿನ ವಾರ ಅವಧಿ ಮುಗಿಯುವವರ ಪಟ್ಟಿ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೂ ಫೋನು ಮಾಡುವುದು. "ಅಮ್ಮಾ, ಮುಂದಿನ ಮಂಗಳವಾರ ನಿಮ್ಮದು ಮುಗಿಯತ್ತೆ, ಒಂದು ಗಳಿಗೆ ಬಂದು ಹೋಗಿ. ಮೊಣಕಾಲು ಹೇಗಿದೆ?" ಯಾವ ಸುತ್ತೋಲೆಯಲ್ಲೂ ಇರದ ಕೆಲಸ.

ನಾನು ಏನು ತಪ್ಪು ಮಾಡಿದೆ? ಏನೂ ಇಲ್ಲ. ಒಬ್ಬರ ದುಡ್ಡು ಮುಟ್ಟಲಿಲ್ಲ, ಒಂದು ಅಂಕಿ ತಿದ್ದಲಿಲ್ಲ. ಫೋನಕ್ಕನನ್ನು ಕರೆದು, "ಲಾಕರ್ ವಿಭಾಗದಲ್ಲಿ ನಂಬಿಕಸ್ಥರು ಬೇಕಾಗಿದೆ. ನಾಳೆಯಿಂದ ಅಲ್ಲಿ ಕೂತ್ಕೊಳ್ಳಿ," ಎಂದೆ.

"ಫೋನು ಯಾರು ಮಾಡ್ತಾರೆ ಸಾರ್?"

"ನೋಡೋಣ."

ಆಕೆ ನನ್ನನ್ನು ಒಮ್ಮೆ ನೋಡಿದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವರಿಗೆ "ನೋಡೋಣ" ಎಂದರೆ ಏನರ್ಥವೆಂದು ಬಿಡಿಸಿ ಹೇಳಬೇಕಿಲ್ಲ. ತಮ್ಮ ಡೈರಿಯನ್ನು ಎತ್ತಿಕೊಂಡು ಲಾಕರ್ ಕೋಣೆಗೆ ಇಳಿದರು. ಆ ಕೋಣೆಗೆ ಕಿಟಕಿ ಇರಲಿಲ್ಲ, ಫೋನೂ ಇರಲಿಲ್ಲ.

ಮಾರ್ಜಿನ್ ಸವೆಯುವುದು ನಿಂತಿತು. ಮೂರು ಪಾಯಿಂಟ್ ಆರರಿಂದ ಮೆಲ್ಲಗೆ ಮತ್ತೆ ಎಂಟಕ್ಕೆ ಬಂತು. ಅವಧಿ ಮುಗಿದ ಠೇವಣಿಗಳು ಮೂರರ ಬಡ್ಡಿಗೆ ನಮ್ಮಲ್ಲಿ ನಿದ್ದೆ ಹೊಡೆಯುತ್ತಿದ್ದವು. ಅದೇ ಹಣ ಸಾಲವಾಗಿ ಹೊರಗೆ ಹೋಗಿ ಹತ್ತು ತರುತ್ತಿತ್ತು. ದೊಡ್ಡ ಸಾಹೇಬರು ಪ್ರಾದೇಶಿಕ ಮುಖ್ಯಸ್ಥನ ಹುದ್ದೆಗೆ ನನ್ನ ಹೆಸರು ಸೂಚಿಸಿದರು. ಸಂದರ್ಶನ ಐದನೇ ತಾರೀಕು.

ಅದಕ್ಕೆ ಐದು ದಿನ ಮುಂಚೆ, ಮೂವತ್ತನೇ ತಾರೀಕಿಗೆ, ಅಕ್ಕನಿಗೂ ಒಂದು ಗಡುವಿತ್ತು.

ಅವಳು ಹದಿನೆಂಟು ವರ್ಷ ಬಾಡಿಗೆಗೆ ಹಿಡಿದಿದ್ದ ಅಂಗಡಿಯನ್ನು ಮಾಲೀಕ ಮಾರಲು ಹೊರಟಿದ್ದ. ಹಳೆಯ ಬಾಡಿಗೆದಾರಳೆಂದು ಮೊದಲು ಅವಳನ್ನೇ ಕೇಳಿದ. ಹದಿನಾಲ್ಕು ಲಕ್ಷದ ಎಂಬತ್ತು ಸಾವಿರ, ತಿಂಗಳ ಕೊನೆಯ ಒಳಗೆ, ಒಂದೇ ಕಂತಿನಲ್ಲಿ. ಇಲ್ಲದಿದ್ದರೆ ಮೊಬೈಲು ಮಾರುವವನೊಬ್ಬ ಕಾಯುತ್ತಿದ್ದಾನೆ. ಅಕ್ಕ ಚೌಕಾಸಿ ಕೂಡ ಮಾಡದೆ ಒಪ್ಪಿಬಿಟ್ಟಳು. ಮೂರು ವರ್ಷದ ಹಿಂದೆ ಭಾವನ ಕಡೆಯಿಂದ ಬಂದ ಹನ್ನೆರಡು ಲಕ್ಷ ನಮ್ಮ ಬ್ಯಾಂಕಿನಲ್ಲಿ ಎರಡು ವರ್ಷದ ಠೇವಣಿಯಾಗಿತ್ತು. ಅವಧಿ ಮುಗಿದಾಗ ನಾನು ಅವಳ ಅಂಗಡಿಯಲ್ಲಿ, ಎಲ್ಲರೂ ಕೇಳುವ ಹಾಗೆ ಹೇಳಿದ್ದೆ: "ನಿಂದೀಗ ಎಂಟಕ್ಕೆ ಓಡ್ತಾ ಇದೆ ಕಣಕ್ಕಾ. ನಾನಿದೀನಲ್ಲ." ಅವಳು ಚೀಟಿಯ ಹಿಂದೆ ಲೆಕ್ಕ ಹಾಕಿಕೊಂಡಿದ್ದಳು. ಹದಿನಾಲ್ಕು ಲಕ್ಷದ ಎಂಬತ್ತು ಸಾವಿರಕ್ಕೆ ಸರಿಹೋಗುತ್ತಿತ್ತು.

ಇಪ್ಪತ್ತನಾಲ್ಕನೇ ತಾರೀಕು ಬೆಳಿಗ್ಗೆ ಬ್ಯಾಂಕಿಗೆ ಬಂದಳು. ಲಾಕರಿನಲ್ಲಿ ಠೇವಣಿ ಪತ್ರ ಇಟ್ಟಿದ್ದಳಾದ್ದರಿಂದ ಮೊದಲು ಫೋನಕ್ಕನ ಕೋಣೆಗೆ ಹೋದಳು, ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕೋಣೆಗೆ ಬಂದರು. ನಾನು ಕುರ್ಚಿ ತಿರುಗಿಸಿ, ಕಂಪ್ಯೂಟರಿನಲ್ಲಿ ಅಕ್ಕನ ಖಾತೆ ತೆಗೆದೆ. ಅವಳಿಗೂ ಕಾಣಲಿ ಎಂದು ಪರದೆಯನ್ನು ಅವಳ ಕಡೆಗೇ ತಿರುಗಿಸಿದ್ದೆ. ನನ್ನ ದೊಡ್ಡಸ್ತಿಕೆ ನೋಡಿ.

ಹದಿಮೂರು ಲಕ್ಷದ ತೊಂಬತ್ತೊಂಬತ್ತು ಸಾವಿರ ಮತ್ತು ಚಿಲ್ಲರೆ.

ಅಕ್ಕ ಚೀಟಿ ನೋಡಿದಳು, ಪರದೆ ನೋಡಿದಳು. "ಎಂಬತ್ತು ಸಾವಿರ ಎಲ್ಲೋಯ್ತು ಪುಟ್ಟ?"

"ಕಂಪ್ಯೂಟರ್ ತಪ್ಪಿರಬೇಕು," ಎಂದೆ. "ಈ ಹೊಸ ಸಾಫ್ಟ್‌ವೇರು ಬಂದ ಮೇಲೆ ಹೀಗೇ. ನೋಡ್ತೀನಿ ಇರು."

ಫೋನಕ್ಕ ಬಾಗಿಲಿಗೆ ಒರಗಿ ನಿಂತಿದ್ದರು. "ಫಾರಮ್ ತರಿಸ್ಲಾ ಸಾರ್?" ಎಂದರು. ತರಿಸಿ ಎನ್ನುವ ಮೊದಲೇ ಅದು ಅವರ ಕೈಯಲ್ಲಿತ್ತು.

ಅಕ್ಕನ ಠೇವಣಿಯ ಫಾರಮ್ಮು. ಮುಂಬದಿಯಲ್ಲಿ ನನ್ನ ಕೈಬರಹ, ಕೆಳಗೆ ಅವಳ ಸಹಿ. ಹಿಂಬದಿಯ ಚೌಕ ಖಾಲಿ. ಆ ದಿನ ಅಕ್ಕ ಅದರ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದ್ದು ನನಗೆ ನೆನಪಾಯಿತು. "ಸಹಿ ಹಾಕು ಸಾಕು, ಉಳಿದದ್ದು ನಾನು ನೋಡ್ಕೋತೀನಿ," ಎಂದಿದ್ದೆ. ಎರಡು ವರ್ಷ ಮುಗಿದ ದಿನ ಅವಳ ಹದಿಮೂರೂವರೆ ಲಕ್ಷ ಎಂಟಕ್ಕೆ ಓಡಲಿಲ್ಲ. ಹದಿನಾಲ್ಕು ತಿಂಗಳು ಮೂರರಲ್ಲಿ ಬಿದ್ದಿತ್ತು. ನಾನು ನೋಡಿಕೊಂಡಿರಲಿಲ್ಲ. ಎಂಟಕ್ಕೆ ಓಡುತ್ತಿದೆ ಎಂದದ್ದು ಬಾಯಿಗೆ ಬಂದ ಮಾತು.

"ಫೋನು ಬರ್ಲಿಲ್ಲ," ಅಕ್ಕ ಫೋನಕ್ಕನ ಕಡೆ ತಿರುಗಿದಳು. "ಎಲ್ರಿಗೂ ಮಾಡ್ತೀರಿ ಅಂತಿದ್ರು."

"ಮಾಡ್ತಿದ್ದೆ," ಎಂದರು ಫೋನಕ್ಕ. ಆಮೇಲೆ ನನ್ನನ್ನು ನೋಡಿ, "ನೀವೇ ಹೇಳ್ತೀರಾ, ನಾನು ಹೇಳ್ಲಾ ಸಾರ್?"

ನಾನು ಪೇಪರ್‌ವೇಟು ತಿರುಗಿಸುತ್ತಿದ್ದೆ.

ಅವರೇ ಹೇಳಿದರು. ಡೈರಿ ಬಿಚ್ಚಿದರು. ಲಾಕರ್ ಕೋಣೆಯ ಆ ಹಳದಿ ದೀಪದಡಿ ಕೂತು, ತಾವು ಮಾಡಬೇಕಿದ್ದ ಒಂದೊಂದು ಕರೆಯನ್ನೂ ಬರೆದಿಟ್ಟಿದ್ದರು. ಹೆಸರು, ತಾರೀಕು, ಮೊತ್ತ. ಇನ್ನೂರ ಹನ್ನೆರಡು ಮಂದಿ. "ನಮ್ಮ ಠೇವಣಿಯಲ್ಲಿ ನೂರಕ್ಕೆ ಹತ್ತು ಪಾಲು ಹೀಗೆ ಬಿದ್ದಿದೆ ಅಮ್ಮ. ಎಂಟು ಕೊಡೋ ಕಡೆ ಮೂರು ಕೊಡ್ತಿದೀವಿ, ಐದು ಉಳೀತು. ಹತ್ತು ಪಾಲಿನ ಮೇಲೆ ಐದು ಅಂದ್ರೆ ಒಟ್ಟಿನ ಮೇಲೆ ಅರ್ಧ. ಸಾರ್‌ದು ಮೂರು ಪಾಯಿಂಟ್ ಎಂಟು. ಅರ್ಧ ತೆಗೆದ್ರೆ ಮೂರು ಪಾಯಿಂಟ್ ಮೂರು. ಅದೇ ನಿಜವಾದ್ದು."

ಮುಖ್ಯ ಕಚೇರಿಯ ಲೆಕ್ಕಿಗರ ಪಡೆ ವರ್ಷವಿಡೀ ಕಂಡುಹಿಡಿಯದ್ದನ್ನು ಆಕೆ ಒಂದು ಉಸಿರಿನಲ್ಲಿ ಹೇಳಿ ಮುಗಿಸಿದರು.

ಅಕ್ಕ ಲೆಕ್ಕ ಕೇಳಲಿಲ್ಲ. ಡೈರಿ ತಿರುವಿಹಾಕುತ್ತಿದ್ದಳು. "ಇವಳು ನಮ್ಮ ಗುಂಡಿ ಹಾಕೋಳಲ್ವಾ," ಎಂದಳು. ಇನ್ನೊಂದು ಪುಟ. "ಇದು ಕಸೂತಿಯವಳು." ಅವಳ ಅಂಗಡಿಯಲ್ಲಿ ದುಡಿಯುವ, ದುಡಿದು ಹೋದ ಹದಿನಾಲ್ಕು ಹೆಂಗಸರು ಅದರಲ್ಲಿದ್ದರು. ಗೋಡೆಯ ಮೇಲಿನ ಫೋಟೊ ತೋರಿಸಿ, ನನ್ನ ತಮ್ಮ ಇದ್ದಾನೆ, ಅಲ್ಲೇ ಇಡಿ ಎಂದು ಎಲ್ಲರನ್ನೂ ಕಳಿಸಿದವಳು ಅವಳೇ.

"ಅಕ್ಕಾ, ಎಂಬತ್ತು ಸಾವಿರ ನಾನು ಕೊಡ್ತೀನಿ," ಎಂದೆ. "ಈಗಲೇ ಕೊಡ್ತೀನಿ. ಅಂಗಡಿ ತಗೋ."

"ನಿನ್ನ ದುಡ್ಡು ಯಾಕೋ ನನಗೆ? ನನ್ನ ದುಡ್ಡು ಕೊಡು. ನಿಂದು ತಗೊಂಡು ಅಂಗಡಿ ಬಾಗಿಲು ತೆಗೆದ್ರೆ ಇವರ ಮುಖ ಹೇಗೆ ನೋಡ್ಲಿ?"

ದಾರಿ ಒಂದಿತ್ತು. ಹಿಂದಿನ ತಾರೀಕಿನಿಂದ ಠೇವಣಿ ಮುಂದುವರಿಸುವ ಅಧಿಕಾರ ನನಗೆ ಹದಿನಾಲ್ಕು ದಿನದವರೆಗೆ ಮಾತ್ರ. ಅದಕ್ಕೂ ಹಳೆಯದಾದರೆ ಮುಖ್ಯ ಕಚೇರಿಗೆ ಬರೆಯಬೇಕು. ತಪ್ಪು ಶಾಖೆಯದೇ ಎಂದು ಮ್ಯಾನೇಜರ್ ಕಾರಣ ಸಹಿತ ಬರೆದುಕೊಟ್ಟರೆ ಒಪ್ಪುತ್ತಾರೆ. ತುರ್ತು ಎಂದರೆ ನಾಲ್ಕೇ ದಿನ. ಇಪ್ಪತ್ತನಾಲ್ಕಕ್ಕೆ ಬರೆದರೆ ಇಪ್ಪತ್ತೆಂಟಕ್ಕೆ ಹಣ. ಅಂಗಡಿ ಉಳಿಯುತ್ತದೆ.

"ಇವತ್ತೇ ಬರೀತೀನಿ," ಎಂದೆ.

ಅಕ್ಕ ಕೈಚೀಲ ಎತ್ತಿಕೊಂಡು ಹೋದಳು.

ಆಮೇಲೆ ನಾನು ಮಾಡಿದ್ದು ಬ್ಯಾಂಕುಗಳ ಚರಿತ್ರೆಯಲ್ಲಿ ಯಾರೂ ಮಾಡದ ಕೆಲಸ. ಬಾಗಿಲು ಹಾಕಿಕೊಂಡೆ. ಪೆನ್ನು ತೆಗೆದೆ. ಒಂದೇ ಏಟಿಗೆ ಹನ್ನೆರಡು ಪುಟದ ಪತ್ರ ಬರೆದೆ. ಇನ್ನೂರ ಹನ್ನೆರಡು ಹೆಸರು, ಒಂದೊಂದರ ಮುಂದೆ ನನ್ನ ತಪ್ಪು. ಸಂದರ್ಶನ ಹೋದರೆ ಹೋಗಲಿ ಎಂದು ಅಂದೇ ಸಂಜೆ ಸ್ವತಃ ಬಸ್ಸು ಹತ್ತಿ ಮುಖ್ಯ ಕಚೇರಿಗೆ ಹೋಗಿ ದೊಡ್ಡ ಸಾಹೇಬರ ಮೇಜಿನ ಮೇಲೆ ಇಟ್ಟು, "ಸಾರ್, ಮಾಂತ್ರಿಕ ಸತ್ತ," ಎಂದೆ. ಅವರ ಕಣ್ಣಲ್ಲಿ ನೀರು

ಇಲ್ಲಿಗೆ ಹಾಳೆ ಮುಗಿಯಿತು. ಇನ್ನೊಂದು ತೆಗೆಯಲು ಬಗ್ಗಿದಾಗ ಬರೆದದ್ದು ಜಾರಿ ಆಚೆ ಹೋಗಿತ್ತು.

ಹೊಲಿಗೆ ಯಂತ್ರ ನಿಂತಿತು. ಅಕ್ಕ ಕನ್ನಡಕ ಏರಿಸಿ ಓದಿದಳು. ಎರಡು ಸಲ ಓದಿದಳು ಎಂದು ಕಾಣುತ್ತದೆ, ಅಷ್ಟು ಹೊತ್ತು ಹಿಡಿಯಿತು. ಆಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿ, ಅದರ ಮೇಲೆ ಹಾರದಿರಲೆಂದು ಕತ್ತರಿ ಇಟ್ಟಳು.

"ಅಂಗಡಿ ಕೊಂಡ್ಕೊಂಡಿದ್ರೆ ನಾನು ಇಲ್ಲಿ ಯಾಕೆ ಕೂತಿರ್ತಿದ್ದೆ ಪುಟ್ಟ?"

ಅಷ್ಟೇ ಅಂದದ್ದು. ಮತ್ತೆ ಯಂತ್ರ ಶುರುವಾಯಿತು.

ಸರಿ. ಬರೆಯುತ್ತೇನೆ.

ಇಪ್ಪತ್ತನಾಲ್ಕರಂದು ನಾನು ಪತ್ರ ಬರೆಯಲಿಲ್ಲ. ಬಾಗಿಲು ಹಾಕಿಕೊಂಡದ್ದು ನಿಜ. ಐದನೇ ತಾರೀಕಿನ ಸಂದರ್ಶನ ಮುಗಿಯಲಿ ಎಂದು ಹಾಳೆಯನ್ನು ಮೇಜಿನ ಖಾನೆಗೆ ಹಾಕಿದೆ. ಅಕ್ಕ ಇಪ್ಪತ್ತಾರಕ್ಕೆ ಫೋನು ಮಾಡಿದಾಗ ಕಳಿಸಿದ್ದೀನಿ ಎಂದೆ. ಇಪ್ಪತ್ತೊಂಬತ್ತಕ್ಕೆ ಮಾಡಿದಾಗ ಮುಖ್ಯ ಕಚೇರಿಯವರು ನಿಧಾನ, ಗೊತ್ತಲ್ಲ ಎಂದೆ. ಮೂವತ್ತಕ್ಕೆ ಅವಳು ಫೋನು ಮಾಡಲಿಲ್ಲ. ಮೊದಲನೇ ತಾರೀಕು ಅಂಗಡಿಯ ದಾರಿಯಲ್ಲಿ ಹೋದೆ. ಗೋಡೆಯಿಂದ ಕನ್ನಡಿ ಇಳಿಸುತ್ತಿದ್ದರು. ನನ್ನ ಫೋಟೊ ಇದ್ದ ಜಾಗದಲ್ಲಿ ಅಂಟಿನ ನಾಲ್ಕು ಗುರುತು ಮಾತ್ರ ಇತ್ತು. ನಾನು ಒಳಗೆ ಹೋಗಲಿಲ್ಲ.

ಸಂದರ್ಶನದಲ್ಲಿ ಮೂರು ಪಾಯಿಂಟ್ ಎಂಟರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಚೆನ್ನಾಗಿ ಮಾತಾಡಿದೆ. ಹುದ್ದೆ ಬೇರೆಯವರಿಗೆ ಹೋಯಿತು.

ಆರನೇ ತಾರೀಕು ಫೋನಕ್ಕ ನನ್ನ ಮೇಜಿನ ಮೇಲೆ ಒಂದು ಪತ್ರ ಇಟ್ಟರು. ಎರಡೇ ಪುಟ, ಜೊತೆಗೆ ಪಟ್ಟಿ. ಯಾವ ತಾರೀಕಿನಿಂದ ಕರೆ ನಿಂತಿತು, ಯಾರ ಮಾತಿನ ಮೇಲೆ ನಿಂತಿತು, ಎಲ್ಲ ಇತ್ತು. "ಸಹಿ ಹಾಕಿ ಸಾಕು ಸಾರ್," ಎಂದರು. ಹಾಕಿದೆ. ಇನ್ನೂರ ಹನ್ನೆರಡು ಮಂದಿಗೂ ಬಾಕಿ ಬಡ್ಡಿ ಬಂತು. ಅದನ್ನು ಕೊಟ್ಟ ತ್ರೈಮಾಸಿಕದಲ್ಲಿ ಮಾರ್ಜಿನ್ ಮೂರಕ್ಕಿಂತಲೂ ಕೆಳಗೆ ಹೋಯಿತು. ಅಕ್ಕನ ಎಂಬತ್ತು ಸಾವಿರವೂ ಅದರ ಮೇಲಿನ ಚಿಲ್ಲರೆಯೂ ಹತ್ತನೇ ತಾರೀಕು ಅವಳ ಖಾತೆಗೆ ಬಂತು. ಆ ಹೊತ್ತಿಗೆ ಅಂಗಡಿಯ ಹೊಸ ಬೋರ್ಡಿಗೆ ದೀಪ ಹಾಕಿದ್ದರು.

ನಾನು ಯಾವ ಬ್ಯಾಂಕನ್ನೂ ಎತ್ತಿ ಹಿಡಿದಿರಲಿಲ್ಲ. ಇನ್ನೂರ ಹನ್ನೆರಡು ಮಂದಿ ತಮಗೆ ಗೊತ್ತಿಲ್ಲದೆ ನನ್ನನ್ನು ಎತ್ತಿ ಹಿಡಿದಿದ್ದರು. ಅವರಲ್ಲಿ ಒಬ್ಬಳು ಈಗ ಮೇಜಿನ ಆಚೆ ಬದಿಯಲ್ಲಿ ಯಾರದೋ ಮಗುವಿನ ಅಂಗಿಗೆ ತೋಳು ಕೂಡಿಸುತ್ತಿದ್ದಾಳೆ. ಈ ಹಾಳೆಯನ್ನು ನಾನೇ ಅವಳ ಕಡೆಗೆ ತಳ್ಳುತ್ತೇನೆ.